ಸೋದರಮಾವನ ಮಗನಿಗೆ ಕೊಟ್ಟ ಕೈಸಾಲ: ಲೀಗಲ್ ನೋಟಿಸಲ್ಲಿ ಏನಿರಬೇಕು, ಖಾರ ಎಷ್ಟಿರಬೇಕು?

ಮಲೆನಾಡು ಮಳೆ

ಎಲ್ಲರಿಗೂ ನಮಸ್ಕಾರ. ವಿಷಯ ಇಷ್ಟು. ಸೋದರಮಾವನ ಮಗನಿಗೆ 2023ರ ಜೂನ್ 12ರಂದು 3 ಲಕ್ಷ ಬ್ಯಾಂಕ್ ಮೂಲಕ (ಎನ್‌ಇಎಫ್‌ಟಿ, ನನ್ನ ಖಾತೆಯಿಂದ ಅವರ ಖಾತೆಗೇ), ಜುಲೈ 3ರಂದು 1 ಲಕ್ಷ ನಗದು ಕೊಟ್ಟಿದ್ದೇನೆ. ಪತ್ರ, ಪ್ರೋನೋಟ್, ಚೆಕ್ ಏನೂ ಇಲ್ಲ. ಬಡ್ಡಿ ಮಾತಾಡಿರಲಿಲ್ಲ, ಒಂದು ವರ್ಷದಲ್ಲಿ ಕೊಡ್ತೀನಿ ಅಂತ ಬಾಯಿಮಾತು. 2024ರ ಫೆಬ್ರವರಿ 20ಕ್ಕೆ ಯುಪಿಐನಲ್ಲಿ 40 ಸಾವಿರ ವಾಪಸ್ ಬಂತು. 2025ರ ಆಗಸ್ಟಲ್ಲಿ ವಾಟ್ಸಾಪ್ ಮೆಸೇಜ್: "ನಿಂದು ಇನ್ನೂ 3.60 ಬಾಕಿ ಇದೆ, ಗೊತ್ತು. ಅಡಿಕೆ ಕೊಟ್ಟ ಮೇಲೆ ನೋಡೋಣ." ಅಲ್ಲಿಂದ ಈಚೆಗೆ ಫೋನ್ ಎತ್ತುತ್ತಿಲ್ಲ.

ಈಗ ಏಪ್ರಿಲ್ ಮೊದಲ ವಾರ. ಕೆಳಗಿನ ಹಾಗೆ ನೋಟಿಸ್ ಬರೆದಿದ್ದೇನೆ, ತಿದ್ದಿ ಕೊಡಿ:

"ನೀನು ನನ್ನನ್ನು ನಂಬಿಸಿ ಮೋಸ ಮಾಡುವ ಉದ್ದೇಶದಿಂದಲೇ ನಾಲ್ಕು ಲಕ್ಷ ಪಡೆದು ಕುಟುಂಬದ ಮಾನ ಕಳೆದಿರುತ್ತೀಯ. ಅಸಲು ಮತ್ತು ತಿಂಗಳಿಗೆ ಶೇ. 2ರಂತೆ ಬಡ್ಡಿ ಸೇರಿ ಆರೂವರೆ ಲಕ್ಷವನ್ನು 7 ದಿನಗಳೊಳಗೆ ಕೊಡದಿದ್ದರೆ 420 ಕೇಸು ದಾಖಲಿಸಿ ಜೈಲಿಗೆ ಕಳಿಸಲಾಗುವುದು. ಪ್ರತಿ: ನಿನ್ನ ಕಚೇರಿಯ ಮೇಲಧಿಕಾರಿಗಳಿಗೆ, ಮಾವನವರಿಗೆ."

ದಾವಣಗೆರೆ ಎಕ್ಸ್‌ಪ್ರೆಸ್

ಗಟ್ಟಿಯಾಗಿದೆ ಬ್ರದರ್, ಹೀಗೇ ಕಳಿಸಿ. ನೋಟಿಸ್ ಹೋದ ದಿನದಿಂದ ಮತ್ತೆ ಮೂರು ವರ್ಷ ಟೈಮ್ ಸಿಗುತ್ತೆ, ಆರಾಮಾಗಿ ಕೇಸ್ ಹಾಕಬಹುದು. ಇನ್ನೊಂದು, ನೋಟಿಸ್ ವಕೀಲರೇ ಕಳಿಸಬೇಕು ಅಂತೇನಿಲ್ಲ, ನೀವೇ ಸಹಿ ಮಾಡಿ ಕಳಿಸಿದರೂ ನಡೆಯುತ್ತೆ.

ಸಿವಿಲ್ ಸೈಡ್

ಎರಡನೇ ಮಾತು ಸರಿ. ಮೊದಲನೆಯದನ್ನು ನಂಬಿ ಕೂತರೆ ದುಡ್ಡು ಹೋಗುತ್ತದೆ.

ಕೈಸಾಲ ವಸೂಲಿಗೆ ವಾಯಿದೆ ಮೂರು ವರ್ಷ. ಮರುಪಾವತಿ ದಿನಾಂಕ ಬರಹದಲ್ಲಿ ಇಲ್ಲದ ಸಾಲಕ್ಕೆ ಈ ಮೂರು ವರ್ಷ ಸಾಲ ಕೊಟ್ಟ ದಿನದಿಂದಲೇ ಓಡುತ್ತದೆ, ನೀವು ಕೇಳಿದ ದಿನದಿಂದಲ್ಲ. "ಒಂದು ವರ್ಷದಲ್ಲಿ ಕೊಡ್ತೀನಿ ಅಂದಿದ್ದ" ಎಂದು ವಾದಿಸಬಹುದು, ಆದರೆ ಅದಕ್ಕೆ ನಿಮ್ಮ ಬಾಯಿಮಾತು ಬಿಟ್ಟರೆ ಸಾಕ್ಷಿ ಇಲ್ಲ. ಹಾಗಾಗಿ ಲೆಕ್ಕ ಬಿಗಿಯಾಗಿ ಇಟ್ಟುಕೊಳ್ಳಿ: 3 ಲಕ್ಷಕ್ಕೆ ಕೊನೆಯ ದಿನ 2026ರ ಜೂನ್ 12, ನಗದಿಗೆ ಜುಲೈ 3. ನೀವು ನೂರು ನೋಟಿಸ್ ಕಳಿಸಿದರೂ ಈ ತಾರೀಖು ಒಂದು ದಿನವೂ ಮುಂದೆ ಹೋಗುವುದಿಲ್ಲ.

ತಾರೀಖು ಮುಂದೆ ಹೋಗಬೇಕಾದರೆ ಸಾಲಗಾರನ ಕಡೆಯಿಂದ ಏನಾದರೂ ಬರಬೇಕು. ವಾಯಿದೆ ಮುಗಿಯುವ ಮೊದಲು ಆತ ಸಾಲ ಒಪ್ಪಿ ಬರೆದು ಸಹಿ ಹಾಕಿದರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ. ಅದಕ್ಕೇ ಹೇಳುವುದು, ನಿಮ್ಮ ನೋಟಿಸಿನ ನಿಜವಾದ ಕೆಲಸ ಹೆದರಿಸುವುದಲ್ಲ, ಎದುರಿನವನಿಂದ ಸಹಿ ಇರುವ ಒಂದು ಉತ್ತರ ಹೊರಡಿಸುವುದು. ನಿಮ್ಮ ಕರಡು ಓದಿದವನು ಸೀದಾ ವಕೀಲರ ಹತ್ತಿರ ಹೋಗುತ್ತಾನೆ. ಅಲ್ಲಿಂದ ಬರುವ ಉತ್ತರದ ಮೊದಲ ಸಾಲೇ "ನೋಟಿಸಿನಲ್ಲಿರುವ ಎಲ್ಲಾ ಆರೋಪಗಳನ್ನು ಅಲ್ಲಗಳೆಯಲಾಗಿದೆ" ಅಂತ ಇರುತ್ತದೆ. ವಾಟ್ಸಾಪಲ್ಲಿ ಒಪ್ಪಿಕೊಂಡವನನ್ನು ನೀವೇ ಕೈ ಹಿಡಿದು ನಿರಾಕರಣೆಗೆ ಕರೆದೊಯ್ದ ಹಾಗಾಯಿತು.

ಮಲೆನಾಡು ಮಳೆ

ಸರ್, 40 ಸಾವಿರ ವಾಪಸ್ ಕೊಟ್ಟಿದ್ದು 2024ರಲ್ಲಿ. ಅಲ್ಲಿಂದ ಮೂರು ವರ್ಷ ಅಂದರೆ 2027ರ ಫೆಬ್ರವರಿ ತನಕ ಟೈಮ್ ಇಲ್ಲವಾ?

ಸಿವಿಲ್ ಸೈಡ್

ಇರಬಹುದು. ಭಾಗಶಃ ಪಾವತಿಯಿಂದಲೂ ವಾಯಿದೆ ಹೊಸದಾಗುತ್ತದೆ. ಆದರೆ ಆ ಪಾವತಿಗೆ ಕೊಟ್ಟವನ ಕೈಬರಹದ ಅಥವಾ ಸಹಿಯ ದಾಖಲೆ ಇರಬೇಕು ಎಂದು ವಾಯಿದೆ ಕಾಯಿದೆಯ 19ನೇ ಕಲಮು ಕೇಳುತ್ತದೆ. ಚೆಕ್ ಕೊಟ್ಟಿದ್ದರೆ ಚೆಕ್ಕಿನ ಮೇಲಿನ ಸಹಿಯೇ ಸಾಕಿತ್ತು. ಯುಪಿಐನಲ್ಲಿ ಪಿನ್ ಒತ್ತಿದ್ದು ಸಹಿಗೆ ಸಮವೇ ಅನ್ನುವುದನ್ನು ವಾದ ಮಾಡಿಯೇ ಗೆಲ್ಲಬೇಕು. ಯಾಕೆ ಆ ಗೋಜು? ಜೂನ್ 12ರ ಒಳಗೆ ದಾವೆ ಹಾಕಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಬೆಂಚ್ ಹಿಂದಿನಿಂದ

ಸಿವಿಲ್ ಸೈಡ್ ಅವರು ಸ್ವಲ್ಪ ಜಾಸ್ತಿಯೇ ಎಚ್ಚರ ವಹಿಸುತ್ತಿದ್ದಾರೆ ಅನಿಸುತ್ತದೆ. ಯುಪಿಐ ಪಾವತಿ, ಅದಾದ ಮೇಲೆ "3.60 ಬಾಕಿ" ಎಂಬ ಮೆಸೇಜು, ಎರಡನ್ನೂ ಸೇರಿಸಿ ಓದಿದರೆ ಲೆಕ್ಕ ಕೂಡಿಬರುತ್ತದಲ್ಲ? 4 ಲಕ್ಷದಲ್ಲಿ 40 ಸಾವಿರ ಕಳೆದರೆ ಸರಿಯಾಗಿ 3.60. ವಿದ್ಯುನ್ಮಾನ ದಾಖಲೆಗೂ ಕಾನೂನು ಮಾನ್ಯತೆ ಇದೆ. ನನ್ನ ಪ್ರಕಾರ ಇದು ಒಪ್ಪಿಗೆಯೇ.

ಸಿವಿಲ್ ಸೈಡ್

ಸಾಲ ಇತ್ತು ಅಂತ ತೋರಿಸಲು ಬಹಳ ಒಳ್ಳೆಯ ಸಾಕ್ಷಿ, ಒಪ್ಪಿದೆ. ನಗದು ಕೊಟ್ಟ 1 ಲಕ್ಷಕ್ಕೂ ಅದೇ ಮೆಸೇಜು ಆಧಾರ, ಯಾಕೆಂದರೆ ಆ ಲಕ್ಷ ಸೇರದೆ 3.60 ಬರುವುದೇ ಇಲ್ಲ. ಆದರೆ ವಾಯಿದೆ ಹಿಗ್ಗಿಸಲು "ಸಹಿ" ಬೇಕು. ವಾಟ್ಸಾಪ್ ಮೆಸೇಜಿಗೆ ಸಹಿ ಎಲ್ಲಿದೆ ಎಂದು ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ. ಇದರಲ್ಲಿ ನಿಮ್ಮದೂ ನನ್ನದೂ ಅಭಿಪ್ರಾಯ ಕೂಡುವುದಿಲ್ಲ, ಇರಲಿ.

ಒಂದು ಮಾತು. ಆ ಮೆಸೇಜು ಇರುವ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತಂದರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಅದರಲ್ಲಿ ಒಂದು ಭಾಗ ನೀವು, ಇನ್ನೊಂದು ಭಾಗ ತಜ್ಞರು ತುಂಬಬೇಕು.

ಕಾವೇರಿ ತೀರ

ನಂದೂ ಇದೇ ಥರ ಕೇಸ್. ನಾದಿನಿ ಗಂಡ 2 ಲಕ್ಷಕ್ಕೆ ಚೆಕ್ ಕೊಟ್ಟಿದ್ದರು, ಬೌನ್ಸ್ ಆಯ್ತು. ಮೆಮೊ ಬಂದು ಮೂರು ವಾರ ಆಯ್ತು. ನಾನೂ ಇಲ್ಲಿ ಹೇಳಿದ ಹಾಗೆ ಮೆದುವಾಗಿ ಬರೆದು ನೋಡಲಾ? ಬಡ್ಡಿ ಸೇರಿಸಿ 2.60 ಕೇಳಬೇಕು ಅಂತಿದ್ದೀನಿ.

ಸಿವಿಲ್ ಸೈಡ್

ಮೇಡಂ, ನಿಮ್ಮದು ಬೇರೆಯೇ ದಾರಿ, ಮತ್ತು ತುರ್ತು. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ನಿಮಗೆ ಸಿಕ್ಕ 30 ದಿನದೊಳಗೆ ನೋಟಿಸ್ ಹೊರಡಲೇಬೇಕು. ಅವರ ಕೈಸೇರಿದ ಮೇಲೆ 15 ದಿನ ಅವಕಾಶ, ಅದು ಮುಗಿದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ದೂರು. ನೋಟಿಸಲ್ಲಿ ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು. ಚೆಕ್ 2 ಲಕ್ಷದ್ದಾದರೆ 2 ಲಕ್ಷ. ಒಟ್ಟಾಗಿ 2.60 ಅಂತ ಬರೆದರೆ ನೋಟಿಸೇ ಬಿದ್ದುಹೋಗುವ ಅಪಾಯವಿದೆ. ಇಲ್ಲಿಯ ಕರಡು ನಕಲು ಮಾಡಬೇಡಿ, ಈ ವಾರವೇ ವಕೀಲರನ್ನು ನೋಡಿ. ಈ ಥ್ರೆಡ್ಡಲ್ಲಿ ಚೆಕ್ ಇಲ್ಲದ ಸಾಲದ ಮಾತಷ್ಟೇ.

ದಾವಣಗೆರೆ ಎಕ್ಸ್‌ಪ್ರೆಸ್

ಆಯ್ತು, ವಾಯಿದೆ ವಿಷಯ ತಪ್ಪು ತಿಳಿದಿದ್ದೆ. ಆದರೆ 420 ಅಂದರೆ ತಾನೇ ಜನ ಬಗ್ಗೋದು? ಸಿವಿಲ್ ಅಂದರೆ ಹತ್ತು ವರ್ಷ ಅಂತ ಎಲ್ಲರಿಗೂ ಗೊತ್ತು.

ಬೆಂಚ್ ಹಿಂದಿನಿಂದ

ಬಗ್ಗೋದಿಲ್ಲ, ಅದನ್ನು ಹಿಡಿದು ನಿಮ್ಮ ಮೇಲೇ ತಿರುಗಿ ಬೀಳುತ್ತಾರೆ. ವಂಚನೆ ಅನ್ನಬೇಕಾದರೆ ದುಡ್ಡು ಪಡೆಯುವ ಹೊತ್ತಿಗೇ ಕೊಡಬಾರದೆಂಬ ಉದ್ದೇಶ ಇತ್ತು ಎಂದು ತೋರಿಸಬೇಕು. ಇಲ್ಲಿ ಎಂಟು ತಿಂಗಳಿಗೆ 40 ಸಾವಿರ ವಾಪಸ್ ಬಂದಿದೆ, ಆಮೇಲೆ ಬಾಕಿ ಒಪ್ಪಿ ಮೆಸೇಜೂ ಇದೆ. ನಿಮ್ಮ ಸಿವಿಲ್ ಕೇಸಿಗೆ ಬಲ ಕೊಡುವ ಇವೇ ಎರಡು ದಾಖಲೆಗಳು ವಂಚನೆಯ ಆರೋಪವನ್ನು ಮುರಿಯುತ್ತವೆ. ಠಾಣೆಗೆ ಹೋದರೂ "ಇದು ಸಿವಿಲ್ ಸ್ವರೂಪದ್ದು" ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಆ ಹಿಂಬರಹ ಎದುರು ಕಕ್ಷಿಗೆ ಒಳ್ಳೆಯ ಕಾಗದ.

ಇನ್ನು ಕಚೇರಿಯ ಮೇಲಧಿಕಾರಿಗೆ ಪ್ರತಿ. ಸಾಲಕ್ಕೂ ಕಚೇರಿಗೂ ಏನು ಸಂಬಂಧ? "ಮೋಸಗಾರ" ಎಂದು ಬರೆದು ಮೂರನೆಯವರಿಗೆ ಕಳಿಸಿದರೆ ಮಾನಹಾನಿಯ ಪ್ರತಿನೋಟಿಸ್ ಬರುತ್ತದೆ. ಸಾಲ ಪಡೆದವರೊಬ್ಬರ ಹೆಸರಿಗೆ ಮಾತ್ರ ಕಳಿಸಿ. ಮಾವನವರು ಜಾಮೀನು ನಿಂತಿಲ್ಲ, ಅವರ ಖಾತೆಗೆ ದುಡ್ಡು ಹೋಗಿಲ್ಲ, ಅವರಿಗೂ ಬೇಡ.

ಅಡಿಕೆ ತೋಟ

ಮನೆಯವರ ಕಡೆಯಿಂದ ಒಂದು ಮಾತು. ನೀವು ಅವರನ್ನು ಭಾವ ಅಂತ ಕರೆಯುವವರು. ಕಾಗದದಲ್ಲಿ ಏಕಾಏಕಿ "ನೀನು", "ಕಳೆದಿರುತ್ತೀಯ" ಅಂತಿದ್ದರೆ ಆ ಕಾಗದ ದುಡ್ಡಿನ ವಿಷಯವಾಗಿ ಉಳಿಯಲ್ಲ. ಅವರು ಅದನ್ನು ಹಿಡ್ಕೊಂಡು ಊರೆಲ್ಲ ತೋರಿಸ್ತಾರೆ, "ನೋಡಿ ಹೇಗೆ ಬರೆದಿದಾನೆ" ಅಂತ. ಆಮೇಲೆ ನಿಮ್ಮಮ್ಮ ತವರಿಗೆ ಹೋಗೋದು ಹೇಗೆ?

ಸಿವಿಲ್ ಸೈಡ್

ಇದು ಬರೀ ಮನೆಯ ಮಾತಲ್ಲ, ಕೋರ್ಟಿನ ಮಾತೂ ಹೌದು. ಈ ನೋಟಿಸನ್ನು ಮುಂದೆ ನೀವೇ ದಾವೆಯಲ್ಲಿ ದಾಖಲೆಯಾಗಿ ಹಾಜರು ಮಾಡಿ ನಿಶಾನೆ ಹಾಕಿಸುತ್ತೀರಿ. ನ್ಯಾಯಾಧೀಶರು ಓದುವ ನಿಮ್ಮ ಮೊದಲ ಹೇಳಿಕೆ ಅದು. ಪಾಟಿ ಸವಾಲಿನಲ್ಲಿ ಒಂದೊಂದೇ ಸಾಲು ಓದಿ ಕೇಳುತ್ತಾರೆ.

ನಿಮ್ಮ ಕರಡಿನ ದೊಡ್ಡ ದೋಷ ಭಾಷೆಗಿಂತ ಲೆಕ್ಕದಲ್ಲಿದೆ. "ನಾಲ್ಕು ಲಕ್ಷ ಪಡೆದು" ಎಂದಿದ್ದೀರಿ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಕಾಣುವುದು ಮೂರು. ವಾಪಸ್ ಬಂದ 40 ಸಾವಿರದ ಸುದ್ದಿಯೇ ಇಲ್ಲ. ಅದನ್ನು ಮುಚ್ಚಿಟ್ಟಂತೆ ಕಂಡರೆ, ನಗದು ಕೊಟ್ಟೆ ಎಂಬ ನಿಮ್ಮ ಮಾತನ್ನೂ ಯಾರೂ ನಂಬುವುದಿಲ್ಲ. ಮೂರು ಮೊತ್ತವನ್ನೂ ತಾರೀಖಿನ ಸಮೇತ ಬೇರೆ ಬೇರೆ ಬರೆಯಿರಿ.

ಬಡ್ಡಿ ಮಾತಾಡಿಲ್ಲ ಅಂತ ನೀವೇ ಹೇಳಿದ್ದೀರಿ. ಹಾಗಿದ್ದ ಮೇಲೆ ಹಿಂದಿನಿಂದ ಶೇ. 2 ಸೇರಿಸಿದರೆ ಅದು ಸುಳ್ಳು ಹೇಳಿಕೆ. ಬಡ್ಡಿ ವ್ಯವಹಾರ ಮಾಡುವವನು, ಲೇವಾದೇವಿ ಲೈಸೆನ್ಸ್ ಇಲ್ಲ ಎಂದು ಎದುರಿನವರು ಶುರು ಮಾಡಲು ಅಷ್ಟೇ ಸಾಕು. 40 ಸಾವಿರವನ್ನು "ಬಡ್ಡಿಗೆ ವಜಾ ಮಾಡಿಕೊಂಡೆ" ಎಂದೂ ಬರೆಯಲಾಗದು, ಇಲ್ಲದ ಬಡ್ಡಿಗೆ ವಜಾ ಎಲ್ಲಿಂದ? ಅದು ಅಸಲಿಗೇ ಹೋಗಬೇಕು. ಕೇಳುವ ಮೊತ್ತ ದೊಡ್ಡದಾದಷ್ಟು ಕೋರ್ಟ್ ಫೀಯೂ ದೊಡ್ಡದಾಗುತ್ತದೆ.

ಆದರೆ ಬಡ್ಡಿಯನ್ನು ಪೂರ್ತಿ ಬಿಡಬೇಕಿಲ್ಲ. 1978ರ ಬಡ್ಡಿ ಕಾಯಿದೆ ಪ್ರಕಾರ, ಇಂಥ ಬಾಯಿಮಾತಿನ ಸಾಲಕ್ಕೆ "ಇಂದಿನಿಂದ ಬಡ್ಡಿ ಕೇಳುತ್ತೇನೆ" ಎಂದು ಲಿಖಿತ ನೋಟಿಸ್ ಕೊಟ್ಟ ದಿನದಿಂದ ಕೋರ್ಟು ಬಡ್ಡಿ ಕೊಡಿಸಬಹುದು. ಈ ಒಂದು ವಾಕ್ಯ ಬಿಟ್ಟುಹೋದ ನೋಟಿಸುಗಳೇ ಹೆಚ್ಚು. ಶೇ. 24 ಕೇಳಬೇಡಿ. ಆ ಕಾಯಿದೆ ಬ್ಯಾಂಕ್ ಠೇವಣಿಯ ದರವನ್ನು ಅಳತೆಗೋಲು ಮಾಡಿದೆ. ವರ್ಷಕ್ಕೆ ಶೇ. 9 ಎಂದು ಬರೆದರೆ 3.60 ಲಕ್ಷಕ್ಕೆ ತಿಂಗಳಿಗೆ 2,700 ಆಗುತ್ತದೆ. ಕೋರ್ಟು ಅದಕ್ಕಿಂತ ಕಡಿಮೆ ಕೊಟ್ಟರೂ ಕೇಳಿದ್ದು ಅತಿ ಅನಿಸುವುದಿಲ್ಲ.

ಮಲೆನಾಡು ಮಳೆ

ಅರ್ಥ ಆಯ್ತು ಸರ್. ನಗದಿನ ವಿಷಯ ಬರೆದರೆ ಇನ್‌ಕಮ್ ಟ್ಯಾಕ್ಸ್‌ನವರು ಬರ್ತಾರೆ ಅಂತ ಗೆಳೆಯರೊಬ್ಬರು ಹೆದರಿಸಿದ್ದಾರೆ. ಆ 1 ಲಕ್ಷ ಬಿಟ್ಟುಬಿಡಲಾ?

ಬೆಂಚ್ ಹಿಂದಿನಿಂದ

20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯಬಾರದು ಎಂಬ ನಿಯಮ ಇರುವುದು ಹೌದು. ದಂಡ ಬೀಳುವುದು ಪಡೆದವನ ಮೇಲೆ, ಕೊಟ್ಟವನ ಮೇಲಲ್ಲ. ಆ ಕಾರಣಕ್ಕೆ ಸಾಲವೇ ಇಲ್ಲವಾಗುವುದಿಲ್ಲ. ನಿಮಗೆ ಬರುವ ಪ್ರಶ್ನೆ ಬೇರೆ: "ಆ ಲಕ್ಷ ನಿಮ್ಮ ಹತ್ತಿರ ಎಲ್ಲಿಂದ ಬಂತು?" ಜುಲೈ 3ರ ಹಿಂದುಮುಂದು ನಿಮ್ಮ ಖಾತೆಯಿಂದ ಹಣ ತೆಗೆದ ದಾಖಲೆ ಇದೆಯಾ?

ಮಲೆನಾಡು ಮಳೆ

ಇದೆ. ಜುಲೈ 1ಕ್ಕೆ ಸೆಲ್ಫ್ ಚೆಕ್‌ನಲ್ಲಿ 1.10 ಲಕ್ಷ ತೆಗೆದಿದ್ದೇನೆ.

ಬೆಂಚ್ ಹಿಂದಿನಿಂದ

ಹಾಗಾದರೆ ಬಿಡಬೇಡಿ. ಬಿಟ್ಟರೆ 3.60 ಎಂಬ ಮೆಸೇಜಿನ ಲೆಕ್ಕವೂ ಹಳಿ ತಪ್ಪುತ್ತದೆ. ಆದರೆ ನಗದು ಕೊಟ್ಟಾಗ ಯಾರಿದ್ದರು, ಎಲ್ಲಿ ಕೊಟ್ಟಿರಿ ಎಂಬುದನ್ನು ಈಗಲೇ ಸರಿಯಾಗಿ ನೆನಪು ಮಾಡಿಕೊಳ್ಳಿ. ನೋಟಿಸಲ್ಲಿ ಒಂದು ಕಡೆ "ನಮ್ಮ ಮನೆಯಲ್ಲಿ" ಅಂದು, ದಾವೆಯಲ್ಲಿ "ಅವರ ಮನೆಯಲ್ಲಿ" ಅಂದರೆ ಮುಗಿಯಿತು.

ದಾವಣಗೆರೆ ಎಕ್ಸ್‌ಪ್ರೆಸ್

ಒಂದು ಐಡಿಯಾ. ನಿಮ್ಮಮ್ಮನಿಗೆ ತವರಿನ ಆಸ್ತಿಯಲ್ಲಿ ಪಾಲು ಬರಬೇಕಲ್ಲ? ಅದನ್ನೂ ಇದೇ ನೋಟಿಸಲ್ಲಿ ತುರುಕಿ. ಒಂದೇ ಏಟಿಗೆ ಎರಡು ಹಕ್ಕಿ.

ಸಿವಿಲ್ ಸೈಡ್

ಖಂಡಿತ ಬೇಡ. ಈಗ ಆತನಿಗೆ "ಅದು ಸಾಲ ಅಲ್ಲ" ಎನ್ನಲು ಕಾರಣ ಸಿಕ್ಕಿಲ್ಲ. ಆಸ್ತಿಯ ಮಾತು ತೆಗೆದ ತಕ್ಷಣ "ಆ ದುಡ್ಡು ಅತ್ತೆಯ ಪಾಲಿನ ಲೆಕ್ಕಾಚಾರದ್ದು, ಮನೆ ರಿಪೇರಿಗೆ ಕೊಟ್ಟಿದ್ದು" ಎನ್ನಲು ನೀವೇ ದಾರಿ ಮಾಡಿಕೊಟ್ಟಂತೆ. ನೆಂಟರ ನಡುವಿನ ಸಾಲದಲ್ಲಿ ಎದುರಿನವರು ಹಿಡಿಯುವ ಮುಖ್ಯ ದಾರಿಯೇ ಇದು: ದುಡ್ಡು ಬಂದಿದ್ದು ನಿಜ, ಆದರೆ ಸಾಲವಾಗಿ ಅಲ್ಲ. ಉಡುಗೊರೆ, ಮದುವೆ ಮುಯ್ಯಿ, ಹಳೆ ಬಾಕಿ ತೀರಿಸಿದ್ದು, ಏನು ಬೇಕಾದರೂ ಹೇಳಬಹುದು. ಬ್ಯಾಂಕ್ ದಾಖಲೆ ದುಡ್ಡು ಹೋಗಿದ್ದನ್ನು ತೋರಿಸುತ್ತದೆ, ಯಾಕೆ ಹೋಯಿತು ಎಂಬುದನ್ನಲ್ಲ. ಅದಕ್ಕೇ ನೋಟಿಸಿನ ಎರಡನೇ ಪ್ಯಾರಾದಲ್ಲೇ ಯಾಕೆ ಕೇಳಿದರು ಎಂಬುದು ಒಂದು ವಾಕ್ಯದಲ್ಲಿ ಬರಬೇಕು. ಏನಕ್ಕೆ ಅಂತ ಕೇಳಿದ್ದರು?

ಮಲೆನಾಡು ಮಳೆ

ತೋಟಕ್ಕೆ ಬೋರ್‌ವೆಲ್ ಕೊರೆಸಿ ಮೋಟಾರ್ ಕೂರಿಸಲು. ಬೋರ್ ಕೊರೆದ ಫೋಟೋವನ್ನೂ ಆಗ ಅವರೇ ಕಳಿಸಿದ್ದರು.

ಸಿವಿಲ್ ಸೈಡ್

ಒಳ್ಳೆಯದು, ಆ ಫೋಟೋ ಜೋಪಾನ. ನೋಟಿಸಿನ ನಡುಭಾಗ ಹೀಗಿರಲಿ. ಹೆಸರು, ವಿಳಾಸ, ತಾರೀಖು ನೀವು ತುಂಬಿಕೊಳ್ಳಿ:

"ತಾವು ನನ್ನ ಸೋದರಮಾವನವರ ಮಗನಾಗಿದ್ದು, ತಮ್ಮ ತೋಟಕ್ಕೆ ಕೊಳವೆಬಾವಿ ಕೊರೆಸಿ ಪಂಪ್‌ಸೆಟ್ ಅಳವಡಿಸುವ ಸಲುವಾಗಿ ನನ್ನಲ್ಲಿ ಕೈಸಾಲ ಕೇಳಿದ ಮೇರೆಗೆ, ನಾನು ದಿನಾಂಕ 12.06.2023ರಂದು ನನ್ನ ಬ್ಯಾಂಕ್ ಖಾತೆಯಿಂದ ತಮ್ಮ ಖಾತೆಗೆ ರೂ. 3,00,000 ವರ್ಗಾಯಿಸಿರುತ್ತೇನೆ ಹಾಗೂ ದಿನಾಂಕ 03.07.2023ರಂದು ರೂ. 1,00,000 ನಗದಾಗಿ ನೀಡಿರುತ್ತೇನೆ.

ಸದರಿ ಸಾಲದ ಬಾಬ್ತು ತಾವು ದಿನಾಂಕ 20.02.2024ರಂದು ರೂ. 40,000 ಮರುಪಾವತಿ ಮಾಡಿದ್ದು, ಅದನ್ನು ಅಸಲಿಗೆ ಜಮಾ ಮಾಡಿಕೊಂಡಿರುತ್ತೇನೆ. ಉಳಿಕೆ ರೂ. 3,60,000 ಬಾಕಿ ಇರುವುದನ್ನು ತಾವು ಆಗಸ್ಟ್ 2025ರ ವಾಟ್ಸಾಪ್ ಸಂದೇಶದಲ್ಲಿ ಒಪ್ಪಿಕೊಂಡಿರುತ್ತೀರಿ.

ಆದ್ದರಿಂದ ಈ ನೋಟಿಸು ತಲುಪಿದ 15 ದಿನಗಳೊಳಗೆ ಸದರಿ ರೂ. 3,60,000ವನ್ನು ನನ್ನ ಬ್ಯಾಂಕ್ ಖಾತೆಗೆ ಪಾವತಿಸಬೇಕೆಂದು ಕೋರುತ್ತೇನೆ. ಈ ನೋಟಿಸಿನ ದಿನಾಂಕದಿಂದ ಪಾವತಿಯಾಗುವವರೆಗೆ ವಾರ್ಷಿಕ ಶೇ. 9ರಂತೆ ಬಡ್ಡಿಯನ್ನು ಕೇಳಲಾಗುವುದೆಂದು ಈ ಮೂಲಕ ತಿಳಿಸುತ್ತೇನೆ. ಒಂದೇ ಬಾರಿಗೆ ಪಾವತಿಸಲು ಅನಾನುಕೂಲವಿದ್ದಲ್ಲಿ, ಬಾಕಿ ಮೊತ್ತವನ್ನೂ ಕಂತುಗಳ ದಿನಾಂಕಗಳನ್ನೂ ನಮೂದಿಸಿ, ತಮ್ಮ ಸಹಿಯುಳ್ಳ ಪತ್ರವನ್ನು ಇದೇ ಅವಧಿಯೊಳಗೆ ಕಳುಹಿಸಿದರೆ ಪರಿಶೀಲಿಸುತ್ತೇನೆ.

ತಪ್ಪಿದಲ್ಲಿ ಸಕ್ಷಮ ಸಿವಿಲ್ ನ್ಯಾಯಾಲಯದಲ್ಲಿ ವಸೂಲಿ ದಾವೆ ಹೂಡುವುದು ಅನಿವಾರ್ಯವಾಗುತ್ತದೆ. ಅದರ ಖರ್ಚುವೆಚ್ಚಗಳಿಗೆ ತಾವೇ ಹೊಣೆಗಾರರಾಗುತ್ತೀರಿ."

ಕಂತಿನ ವಾಕ್ಯ ನೋಡಿ. ದಯೆ ತೋರಿಸಿದ ಹಾಗೂ ಇದೆ, ನಮಗೆ ಬೇಕಾದ ಸಹಿಯೂ ಅಲ್ಲೇ ಇದೆ. ಅವರು "ಡಿಸೆಂಬರಲ್ಲಿ ಒಂದೂವರೆ ಲಕ್ಷ ಕೊಡ್ತೀನಿ, ಉಳಿದದ್ದು ಮುಂದಿನ ಕೊಯ್ಲಿಗೆ" ಎಂದು ಬರೆದು ಸಹಿ ಮಾಡಿ ಜೂನ್ 12ರೊಳಗೆ ಕಳಿಸಿದರೆ, ಇಡೀ ಬಾಕಿಗೆ ಹೊಸ ಮೂರು ವರ್ಷ ಸಿಕ್ಕಿತು. ಮೊತ್ತವನ್ನು ಮಾತ್ರ ಕಡಿಮೆ ಮಾಡಿ ಬರೆಯಬೇಡಿ. "3 ಲಕ್ಷ ಕೊಟ್ಟರೆ ಸಾಕು" ಎಂದು ನೋಟಿಸಲ್ಲೇ ಇದ್ದರೆ ನಾಳೆ ಕೋರ್ಟಲ್ಲಿ ಮಾತು ಶುರುವಾಗುವುದೇ 3ರಿಂದ. ರಿಯಾಯಿತಿ ಏನಿದ್ದರೂ ಎದುರುಬದುರು ಕೂತಾಗ.

ಅಡಿಕೆ ತೋಟ

ಓದೋಕೆ ಸಭ್ಯವಾಗಿದೆ. ಆದರೆ ಇಷ್ಟು ಮೆತ್ತಗಿದ್ದರೆ ಪರವಾಗಿಲ್ಲ ಅಂತ ಸುಮ್ಮನಾಗಲ್ವಾ?

ಸಿವಿಲ್ ಸೈಡ್

ಸುಮ್ಮನಾದರೂ ಆಗಬಹುದು. ಬಿಸಿ ತಟ್ಟಿಸುವುದು ಬೈಗುಳ ಅಲ್ಲ, ತಾರೀಖು ಮತ್ತು ಮೊತ್ತ ತಪ್ಪಿಲ್ಲದೆ ಇರುವುದು. ವಕೀಲರ ಹತ್ತಿರ ತೋರಿಸಿದಾಗ ಅವರೇ "ಇದರಲ್ಲಿ ಹಿಡಿಯಲು ಏನೂ ಇಲ್ಲ, ಮಾತಾಡಿ ಮುಗಿಸಿ" ಅನ್ನುವಂತಿರಬೇಕು. ಉತ್ತರ ಬರದಿದ್ದರೆ ಸಾಲ ಒಪ್ಪಿದ ಹಾಗೆ ಅಲ್ಲ, ಆದರೆ "ಸುಳ್ಳಾಗಿದ್ದರೆ ಆಗಲೇ ಯಾಕೆ ಅಲ್ಲಗಳೆಯಲಿಲ್ಲ" ಎಂದು ಕೇಳಲು ನಮಗೆ ಅವಕಾಶ.

ಬೆಂಚ್ ಹಿಂದಿನಿಂದ

ವಾಟ್ಸಾಪ್ ಮೆಸೇಜಿನ ಪ್ರಸ್ತಾಪ ನೋಟಿಸಲ್ಲಿ ಬೇಡವೆಂದೇ ನನ್ನ ಅಭಿಪ್ರಾಯ. ಕೈಯಲ್ಲಿರುವುದನ್ನೆಲ್ಲ ಮೊದಲೇ ತೋರಿಸಿದರೆ ಎದುರಿನವರು ಅದಕ್ಕೆ ತಕ್ಕಂತೆ ಕಥೆ ಕಟ್ಟುತ್ತಾರೆ. ಮೊದಲು ಅವರು "ಸಾಲವೇ ಪಡೆದಿಲ್ಲ" ಎಂದು ಬರೆಯಲಿ, ಆಮೇಲೆ ಪಾಟಿ ಸವಾಲಲ್ಲಿ ಮೆಸೇಜು ಮುಂದಿಡಿ.

ಸಿವಿಲ್ ಸೈಡ್

ಗೆಲ್ಲಬೇಕು ಅನ್ನುವವರಿಗೆ ಆ ದಾರಿ. ದುಡ್ಡು ಬೇಗ ಬರಬೇಕು, ಕೋರ್ಟಿನ ಮೆಟ್ಟಿಲು ತಪ್ಪಿದರೆ ಒಳ್ಳೆಯದು ಅನ್ನುವವರಿಗೆ ಮೆಸೇಜು ನೋಟಿಸಲ್ಲೇ ಇರಲಿ. ಅದು ಕಣ್ಣಿಗೆ ಬಿದ್ದರೆ ನಿರಾಕರಿಸುವ ಧೈರ್ಯ ಕಡಿಮೆಯಾಗುತ್ತದೆ. ಫೋನ್ ರೆಕಾರ್ಡಿಂಗ್, ಫೋಟೋ ಇವನ್ನೆಲ್ಲ ಈಗ ಹೇಳಬೇಕಿಲ್ಲ. ತೀರ್ಮಾನ ನಿಮ್ಮದು.

ಕೆಂಪು ಡಬ್ಬಿ

ಅಂಚೆಯ ಕಡೆಯದು ನಾನು ಹೇಳ್ತೀನಿ. ರಿಜಿಸ್ಟರ್ಡ್ ಪೋಸ್ಟ್ ಅನ್ನೋದು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ವಿಲೀನ ಆಗಿದೆ. ಕೌಂಟರಲ್ಲಿ ಹೋಗಿ "ಸ್ಪೀಡ್ ಪೋಸ್ಟ್, ರಿಜಿಸ್ಟ್ರೇಷನ್ ಸೇವೆ ಸೇರಿಸಿ, ಡೆಲಿವರಿ ಪುರಾವೆ ಬೇಕು" ಅಂತ ಬಾಯಿಬಿಟ್ಟು ಕೇಳಿ. ಸುಮ್ಮನೆ ಸ್ಪೀಡ್ ಪೋಸ್ಟ್ ಅಂದರೆ ಮನೆಯಲ್ಲಿ ಯಾರಿದ್ದರೂ ಅವರ ಕೈಗೆ ಕೊಟ್ಟು ಹೋಗಬಹುದು. ರಿಜಿಸ್ಟ್ರೇಷನ್ ಇದ್ದರೆ ವಿಳಾಸದಾರರಿಗೆ ಇಲ್ಲವೇ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ.

ಎರಡು ವಿಳಾಸಕ್ಕೆ ಕಳಿಸಿ, ಊರಿನ ಮನೆಗೊಂದು, ಕೆಲಸದ ಊರಿನ ಬಾಡಿಗೆ ಮನೆಗೊಂದು. ಕಚೇರಿ ವಿಳಾಸ ಬೇಡ. ಲಕೋಟೆ ವಾಪಸ್ ಬಂದರೆ ಒಡೆಯಬೇಡಿ. ಅದರ ಮೇಲೆ ಪೋಸ್ಟ್‌ಮ್ಯಾನ್ ಬರೆದ ಷರಾ ಮುಖ್ಯ. ಕೌಂಟರ್ ರಸೀದಿ ಬಿಸಿಗೆ ಬೇಗ ಮಾಸುತ್ತೆ, ಅವತ್ತೇ ಜೆರಾಕ್ಸ್ ಮಾಡಿಸಿ. ಟ್ರ್ಯಾಕಿಂಗ್ ವಿವರ ಜಾಲತಾಣದಲ್ಲಿ ಬಹಳ ದಿನ ಇರಲ್ಲ, ಡೆಲಿವರಿ ಆದ ಕೂಡಲೇ ಪ್ರಿಂಟ್ ತೆಗೆದಿಡಿ.

ಸಿವಿಲ್ ಸೈಡ್

ಷರಾದ ಬಗ್ಗೆ ಒಂದು ಸೇರಿಸುತ್ತೇನೆ. "ನಿರಾಕರಿಸಿದ್ದಾರೆ" ಅಂತ ಬಂದರೆ ತಲುಪಿದ ಹಾಗೆಯೇ. ಸೂಚನೆ ಕೊಟ್ಟರೂ ಬಂದು ಪಡೆಯಲಿಲ್ಲ ಎಂದಿದ್ದರೂ ವಿಳಾಸ ಸರಿಯಿದ್ದರೆ ಸಾಮಾನ್ಯವಾಗಿ ಹಾಗೇ ಭಾವಿಸುತ್ತಾರೆ. "ವಿಳಾಸ ಅಪೂರ್ಣ" ಅಥವಾ "ಊರು ಬಿಟ್ಟಿದ್ದಾರೆ" ಎಂದರೆ ಮಾತ್ರ ಇನ್ನೊಂದು ಸಲ ಕಳಿಸಬೇಕು.

ಮಲೆನಾಡು ಮಳೆ

ಹಾಗಾದರೆ ಏಪ್ರಿಲ್ 10ಕ್ಕೆ ಕಳಿಸುತ್ತೇನೆ. 15 ದಿನ ಕೊಟ್ಟರೆ ತಿಂಗಳ ಕೊನೆ. ಆಮೇಲೆ?

ಬೆಂಚ್ ಹಿಂದಿನಿಂದ

ಮೇ ತಿಂಗಳು ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ, ಮರೆಯಬೇಡಿ. ಕೊನೆಯ ದಿನ ರಜೆಯೊಳಗೆ ಬಿದ್ದರೆ ಬಾಗಿಲು ತೆರೆದ ದಿನ ಹಾಕಬಹುದು, ಆದರೆ ನಿಮ್ಮ ಜೂನ್ 12 ರಜೆ ಮುಗಿದ ಮೇಲಿನ ದಿನ, ಆ ಅನುಕೂಲ ನಿಮಗಿಲ್ಲ. ಮೇ ತಿಂಗಳಲ್ಲೇ ದಾವೆ ಬರೆಸಿ, ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಮೊಹರು ಹಾಕಿಸಿ ಸಿದ್ಧ ಇಟ್ಟುಕೊಳ್ಳಿ. ಜೂನ್ ಮೊದಲ ವಾರವೇ ಹಾಕಿ. ಕೋರ್ಟ್ ಫೀ, ಕಾಗದಪತ್ರದಲ್ಲಿ ಕಚೇರಿಯವರು ಆಕ್ಷೇಪ ತೆಗೆದರೂ ಸರಿಪಡಿಸಲು ದಿನ ಉಳಿದಿರುತ್ತದೆ.

ನಡುವೆ ಅವರು ಮಾತಿಗೆ ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಕೋರ್ಟಿನ ಆವರಣದಲ್ಲೇ ಇರುತ್ತದೆ. ದಾವೆಗೂ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಬರೆಸಿದರೆ ಅದು ಡಿಕ್ರಿಗೆ ಸಮ, ಫೀ ಇಲ್ಲ. ಊರ ಹಿರಿಯರ ಮುಂದೆ ಬರೆದ ಚೀಟಿಗಿಂತ ಇದು ಎಷ್ಟೋ ಗಟ್ಟಿ.

ದಾವಣಗೆರೆ ಎಕ್ಸ್‌ಪ್ರೆಸ್

ಜೂನ್ 12 ದಾಟಿ ಹೋದ ಮೇಲೆ ಅವರು ಒಪ್ಪಿ ಬರೆದುಕೊಟ್ಟರೆ? ಆಗ ಏನೂ ಪ್ರಯೋಜನ ಇಲ್ಲವಾ?

ಸಿವಿಲ್ ಸೈಡ್

ಬರೀ "ಬಾಕಿ ಇದೆ" ಎಂದರೆ ಆಗ ಸಾಲದು. "ಕೊಡುತ್ತೇನೆ" ಎಂದು ಸ್ಪಷ್ಟವಾಗಿ ಮಾತು ಕೊಟ್ಟು ಸಹಿ ಮಾಡಿದರೆ, ವಾಯಿದೆ ಮೀರಿದ ಸಾಲಕ್ಕೂ ಅದು ಹೊಸ ಕರಾರಾಗುತ್ತದೆ, ಕರಾರು ಕಾಯಿದೆಯ 25ನೇ ಕಲಮು. ಆದರೆ ವಾಯಿದೆ ಮೀರಿದೆ ಅಂತ ಗೊತ್ತಾದ ಮೇಲೆ ಯಾರು ಬರೆದುಕೊಡುತ್ತಾರೆ?

ಮಲೆನಾಡು ಮಳೆ

ಎಲ್ಲರಿಗೂ ಧನ್ಯವಾದ. ಪ್ರತಿಗಳ ಸಾಲು ತೆಗೆದೆ, ಬಡ್ಡಿ ಶೇ. 9 ಮಾಡಿದೆ. ವಾಟ್ಸಾಪ್ ಸಾಲು ಇಡಬೇಕಾ ಬೇಡವಾ ಇನ್ನೂ ತೀರ್ಮಾನ ಆಗಿಲ್ಲ. ಒಂದೇ ಪ್ರಶ್ನೆ ಉಳಿದಿದೆ. ಅಮ್ಮ ಹೇಳ್ತಾ ಇದ್ದಾರೆ, ಕಾಗದ ಹೋಗುವ ಮೊದಲು ನಾನೇ ಅಣ್ಣನಿಗೆ ಒಂದು ಫೋನ್ ಮಾಡಿ ಹೇಳ್ತೀನಿ ಅಂತ. ಮಾಡಲಿ ಬಿಡಲಾ?

ಅಡಿಕೆ ತೋಟ

ಮಾಡಲಿ. ಕಾಗದ ಬರ್ತಿದೆ ಅಂತ ಅಣ್ಣನಿಗೆ ತಂಗಿ ಬಾಯಿಂದಲೇ ಗೊತ್ತಾದರೆ ಒಳ್ಳೇದು. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದಾಗ ಗೊತ್ತಾಗೋದು ಬೇಡ.

ಸಿವಿಲ್ ಸೈಡ್

ಮಾಡಲಿ, ಆದರೆ ಪೋಸ್ಟ್ ಮಾಡಿದ ಮೇಲೆ. ಮೊದಲೇ ಮಾಡಿದರೆ "ಹಬ್ಬ ಕಳೀಲಿ, ನಾನೇ ಕೊಡಿಸ್ತೀನಿ" ಅಂತಾರೆ, ಅಮ್ಮ ನಿಮ್ಮನ್ನು ತಡೆಯುತ್ತಾರೆ, ಮೇ ಬರುತ್ತದೆ. ಮತ್ತೆ, ಫೋನಲ್ಲಿ ಮೊತ್ತದ ಮಾತು ಅಮ್ಮ ಆಡುವುದು ಬೇಡ. "ಅಷ್ಟೆಲ್ಲ ಬೇಡ, ಆದಷ್ಟು ಕೊಡಲಿ" ಅನ್ನುವ ಒಂದು ಮಾತು ರೆಕಾರ್ಡ್ ಆಗಿಬಿಟ್ಟರೆ ಕಷ್ಟ.